ಬೋರ್‌ವೆಲ್ ನೀರಿನ ಆರ್ಸೆನಿಕ್: ಎಲ್‌ಒಡಿ ಮತ್ತು ಅನಿಶ್ಚಿತತೆಗೆ ಒಂದೇ ಲೆಕ್ಕ

ಲ್ಯಾಬ್‌ಗಳ ವ್ಯಾಲಿಡೇಶನ್ ವರದಿಗಳಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಕಾಣಿಸುತ್ತದೆ. ಒಂದು ಪುಟದಲ್ಲಿ ಪತ್ತೆ ಮಿತಿ, ಅಂದರೆ ಎಲ್‌ಒಡಿ, ಲೀಟರಿಗೆ 0.02 ಮೈಕ್ರೋಗ್ರಾಂ ಎಂದಿರುತ್ತದೆ. ನಾಲ್ಕು ಪುಟ ಬಿಟ್ಟು ಅನಿಶ್ಚಿತತೆ ಶೇ. 5 ಎಂದಿರುತ್ತದೆ, ಅದೂ ಎಲ್ಲ ಸಾಂದ್ರತೆಗೂ ಅನ್ವಯವಾಗುವಂತೆ. ಎರಡೂ ಏಕಕಾಲಕ್ಕೆ ನಿಜವಾಗಲು ಸಾಧ್ಯವಿಲ್ಲ. ಎಲ್‌ಒಡಿ ಎಂದರೇ ಅಳತೆಯ ಗದ್ದಲದ ಮೂರು ಪಟ್ಟು. ಹಾಗಾಗಿ ಆ ಮಟ್ಟದಲ್ಲಿ ಫಲಿತಾಂಶದ ಮೂರರಲ್ಲೊಂದು ಭಾಗ ಬರೀ ಗದ್ದಲವೇ. ಅಲ್ಲಿ ಶೇ. 5 ಎಲ್ಲಿಂದ ಬಂತು?

ಈ ಎರಡು ಸಂಖ್ಯೆಗಳನ್ನು ಬೇರೆ ಬೇರೆ ಕಡತಗಳಲ್ಲಿ ಇಡದೆ, ಒಂದೇ ದತ್ತಾಂಶದಿಂದ ಒಂದೇ ಸಮೀಕರಣವಾಗಿ ಕಟ್ಟುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ತೋರಿಸುತ್ತೇನೆ. ಉದಾಹರಣೆಗೆ ಐಸಿಪಿ-ಎಂಎಸ್ ಎಂಬ ಪ್ಲಾಸ್ಮಾ ದ್ರವ್ಯರಾಶಿ ಮಾಪಕದಲ್ಲಿ ಬೋರ್‌ವೆಲ್ ನೀರಿನ ಆರ್ಸೆನಿಕ್ ಪರೀಕ್ಷೆಯನ್ನು ತೆಗೆದುಕೊಂಡಿದ್ದೇನೆ. ಹಟ್ಟಿ ಚಿನ್ನದ ಗಣಿಯ ಸುತ್ತಲಿನ ರಾಯಚೂರು, ಯಾದಗಿರಿ ಭಾಗದ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿರುವುದರಿಂದ ನಮ್ಮಲ್ಲಿ ಇದು ಪುಸ್ತಕದ ಉದಾಹರಣೆಯಾಗಿ ಮಾತ್ರ ಉಳಿದಿಲ್ಲ. ಕುಡಿಯುವ ನೀರಿನ ಮಾನಕ ಐಎಸ್ 10500:2012 ಪ್ರಕಾರ ಸ್ವೀಕಾರಾರ್ಹ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಮುಂದೆ ಘಟಕ ಹೇಳದೆ ಬರೆದ ಸಾಂದ್ರತೆಗಳೆಲ್ಲ ಲೀಟರಿಗೆ ಮೈಕ್ರೋಗ್ರಾಂನಲ್ಲಿವೆ. ಅಂಕಿಗಳನ್ನು ಲೆಕ್ಕ ತೋರಿಸಲು ಆರಿಸಿಕೊಂಡಿದ್ದೇನೆ. ನಿಮ್ಮ ಲ್ಯಾಬ್‌ನ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಹಂತ 1: ಏನನ್ನು ಅಳೆಯುತ್ತೀರಿ, ದಿನನಿತ್ಯ ಹೇಗೆ ಅಳೆಯುತ್ತೀರಿ ಎಂದು ಬರೆದಿಡಿ

ಇದು ಔಪಚಾರಿಕತೆಯಂತೆ ಕಂಡರೂ ಮುಂದಿನ ಸೂತ್ರದೊಳಗಿನ ಎರಡು ಸಂಖ್ಯೆಗಳು ಇಲ್ಲಿಂದಲೇ ಬರುತ್ತವೆ. ನಮ್ಮ ಉದಾಹರಣೆಯ ವಿಧಾನ ಹೀಗಿದೆ: ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ 2ಕ್ಕಿಂತ ಕೆಳಗೆ ಇಟ್ಟ ತಿಳಿ ನೀರು, ಅದರಲ್ಲಿನ ಒಟ್ಟು ಆರ್ಸೆನಿಕ್, ಜರ್ಮೇನಿಯಂ ಇಂಟರ್ನಲ್ ಸ್ಟ್ಯಾಂಡರ್ಡ್, ಹೀಲಿಯಂ ಮೋಡ್, ದ್ರವ್ಯರಾಶಿ 75. ಪ್ರತಿ ಸ್ಯಾಂಪಲ್ಲನ್ನು ಒಂದೇ ಬಾರಿ ತಯಾರಿಸಿ ಓದುತ್ತೇವೆ. ಪ್ರತಿ ಬ್ಯಾಚ್‌ನಲ್ಲಿ ಎರಡು ಮೆಥಡ್ ಬ್ಲ್ಯಾಂಕ್, ಅಂದರೆ ಸ್ಯಾಂಪಲ್ಲಿನ ಎಲ್ಲ ಹಂತಗಳನ್ನೂ ದಾಟಿದ ಶುದ್ಧ ನೀರು, ಇಟ್ಟು, ಅವುಗಳ ಸರಾಸರಿಯನ್ನು ಫಲಿತಾಂಶದಿಂದ ಕಳೆಯುತ್ತೇವೆ.

ಕೊನೆಯ ಎರಡು ವಾಕ್ಯಗಳನ್ನು ನೆನಪಿಡಿ. ವ್ಯಾಲಿಡೇಶನ್ ಸಮಯದಲ್ಲಿ ಮೂರು ಬಾರಿ ತಯಾರಿಸಿ ಸರಾಸರಿ ತೆಗೆದು, ಆಮೇಲೆ ದಿನನಿತ್ಯ ಒಂದೇ ಬಾರಿ ಮಾಡುವುದಾದರೆ ಆ ಎಲ್‌ಒಡಿ ನಿಮ್ಮ ದಿನನಿತ್ಯದ ಕೆಲಸದ್ದಲ್ಲ.

ಹಂತ 2: ಸೊನ್ನೆಯ ಹತ್ತಿರದ ಗದ್ದಲವನ್ನು ನಿಜವಾದ ನೀರಿನಲ್ಲಿ ಅಳೆಯಿರಿ

ಉಪಕರಣದ ಸಾಫ್ಟ್‌ವೇರ್ ಒಂದು ಎಲ್‌ಒಡಿಯನ್ನು ತಾನೇ ಕೊಡುತ್ತದೆ. ಒಂದೇ ಟ್ಯೂಬಿನ ಬ್ಲ್ಯಾಂಕನ್ನು ಬಿಡುವಿಲ್ಲದೆ ಹತ್ತು ಸಲ ಓದಿ, ಮಾನಕ ವಿಚಲನೆಯ ಮೂರು ಪಟ್ಟನ್ನು ಇಳಿಜಾರಿನಿಂದ ಭಾಗಿಸಿದ ಸಂಖ್ಯೆ ಅದು. ಅದು ಉಪಕರಣದ ಆರೋಗ್ಯ ಹೇಳುತ್ತದೆ, ವಿಧಾನದ ಬಗ್ಗೆ ಏನೂ ಹೇಳುವುದಿಲ್ಲ. ಆಮ್ಲದ ಬಾಟಲಿ, ಟ್ಯೂಬಿಗೆ ಅಂಟಿದ ಕೊಳೆ, ಪಿಪೆಟ್ ಹಿಡಿದವರ ಕೈ, ಬೆಳಗ್ಗೆ ಮಾಡಿದ ಟ್ಯೂನಿಂಗ್ ಇವ್ಯಾವುವೂ ಅದರಲ್ಲಿ ಇಲ್ಲ.

ಬೇಕಾದ್ದು ಎರಡು ಸರಣಿ. ಮೊದಲನೆಯದು ಹತ್ತು ಮೆಥಡ್ ಬ್ಲ್ಯಾಂಕ್, ಪ್ರತಿಯೊಂದನ್ನೂ ಬೇರೆಯಾಗಿ ತಯಾರಿಸಿ, ದಿನಕ್ಕೆ ಎರಡರಂತೆ ಐದು ದಿನ. ಎರಡನೆಯದು ಆರ್ಸೆನಿಕ್ ಇಲ್ಲವೆನ್ನುವಷ್ಟು ಕಡಿಮೆ ಇರುವ ಬೋರ್‌ವೆಲ್ ನೀರಿಗೆ 0.20ರಷ್ಟು ಆರ್ಸೆನಿಕ್ ಸೇರಿಸಿ ಸ್ಪೈಕ್ ಮಾಡಿದ ಹತ್ತು ಸ್ಯಾಂಪಲ್, ಅದೇ ರೀತಿ ಐದು ದಿನಗಳಲ್ಲಿ ಹರಡಿ. ಸ್ಪೈಕ್ ಮಟ್ಟ ನೀವು ನಿರೀಕ್ಷಿಸುವ ಎಲ್‌ಒಡಿಯ ಆಸುಪಾಸಿನಲ್ಲಿರಲಿ. ಅದರ ಹತ್ತಿಪ್ಪತ್ತು ಪಟ್ಟು ಹಾಕಿದರೆ ಗದ್ದಲ ಬೇರೆಯದೇ ಆಗಿಬಿಡುತ್ತದೆ.

ಬ್ಲ್ಯಾಂಕ್ ಕಳೆಯದೆ ದಾಖಲಿಸಿದ ಓದುಗಳು ಇವು ಎಂದುಕೊಳ್ಳಿ:

```
Blank: 0.06 0.03 0.09 0.05 0.08 0.02 0.07 0.04 0.10 0.06
Spike: 0.23 0.31 0.27 0.19 0.28 0.25 0.34 0.22 0.30 0.21
```

ಬ್ಲ್ಯಾಂಕ್‌ಗಳ ಸರಾಸರಿ 0.06, ಮಾನಕ ವಿಚಲನೆ 0.026. ಸ್ಪೈಕ್‌ಗಳ ಸರಾಸರಿ 0.26; ಬ್ಲ್ಯಾಂಕ್ ಕಳೆದರೆ ಸರಿಯಾಗಿ 0.20. ಆದರೆ ಮಾನಕ ವಿಚಲನೆ 0.048. ಬ್ಲ್ಯಾಂಕಿನದಕ್ಕೆ ಹತ್ತಿರಹತ್ತಿರ ಎರಡು ಪಟ್ಟು! ಉಪ್ಪು ತುಂಬಿದ ನೀರು ಪ್ಲಾಸ್ಮಾಕ್ಕೆ ಹೋದಾಗ ಸಿಗ್ನಲ್ ಏರಿಳಿಯುತ್ತದೆ, ಶುದ್ಧ ನೀರಿನ ಬ್ಲ್ಯಾಂಕಿಗೆ ಆ ತೊಂದರೆ ಗೊತ್ತೇ ಇಲ್ಲ. ಎರಡರಲ್ಲಿ ದೊಡ್ಡದನ್ನು, ಅಂದರೆ 0.048 ಅನ್ನು, ಮುಂದಕ್ಕೆ ಒಯ್ಯುತ್ತೇವೆ.

ಇಲ್ಲಿ ಆರ್ಸೆನಿಕ್‌ನದೇ ಆದ ಒಂದು ಬಲೆ ಇದೆ. ಪ್ಲಾಸ್ಮಾದ ಆರ್ಗಾನ್ 40, ನೀರಿನ ಕ್ಲೋರೈಡಿನ ಕ್ಲೋರಿನ್ 35 ಜತೆ ಸೇರಿ ದ್ರವ್ಯರಾಶಿ 75ರಲ್ಲೇ ಕುಳಿತು ಆರ್ಸೆನಿಕ್‌ನಂತೆ ನಟಿಸುತ್ತದೆ. ಹೀಲಿಯಂ ಮೋಡ್ ಅದನ್ನು ತಡೆಯಲೆಂದೇ ಇರುವುದು. ತಡೆಯುತ್ತಿದೆಯೇ ಎಂದು ತಿಳಿಯಲು ಲೀಟರಿಗೆ 1000 ಮಿಲಿಗ್ರಾಂ ಕ್ಲೋರೈಡ್ ಇರುವ, ಆರ್ಸೆನಿಕ್ ಸೇರಿಸದ ದ್ರಾವಣವನ್ನು ಪ್ರತಿ ಬ್ಯಾಚಿನಲ್ಲೂ ಓಡಿಸಿ. ಓದು ಬ್ಲ್ಯಾಂಕುಗಳ ಹರವಿನೊಳಗೇ ಇದ್ದರೆ ಸರಿ. 0.3, 0.4 ಬಂದರೆ ಎರಡು ಅನುಮಾನ: ಹೀಲಿಯಂ ಹರಿವು ಸಾಲದು, ಇಲ್ಲವೇ ಉಪ್ಪಿನಲ್ಲೇ ಆರ್ಸೆನಿಕ್ ಇದೆ. ಹೀಲಿಯಂ ಹರಿವು ಹೆಚ್ಚಿಸಿ ಮತ್ತೆ ಓದಿ. ಇಂಟರ್ನಲ್ ಸ್ಟ್ಯಾಂಡರ್ಡಿಗೆ ಹೋಲಿಸಿ ಲೆಕ್ಕಹಾಕಿದ ಸಾಂದ್ರತೆ ಕುಸಿದರೆ ಅದು ಆರ್ಗಾನ್ ಕ್ಲೋರೈಡ್. ಹಾಗೇ ನಿಂತರೆ ಉಪ್ಪಿನ ಕಲ್ಮಶ. ಈ ಪರೀಕ್ಷೆ ಪಾಸಾಗುವವರೆಗೆ ಎಲ್‌ಒಡಿ ಲೆಕ್ಕಕ್ಕೆ ಕೈ ಹಾಕಬೇಡಿ. ಮಾನಕ ವಿಚಲನೆ ಎಷ್ಟೇ ಚಿಕ್ಕದಿರಲಿ, ಸುಳ್ಳು ಸಿಗ್ನಲ್ ಅದರಲ್ಲಿ ಕಾಣುವುದಿಲ್ಲ.

ಇನ್ನೊಂದು ಮಾತು. ಋಣ ಸಂಖ್ಯೆಗಳನ್ನು ಸೊನ್ನೆಯಾಗಿಸುವ ಆಯ್ಕೆ ಸಾಫ್ಟ್‌ವೇರಿನಲ್ಲಿ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಬ್ಲ್ಯಾಂಕುಗಳಲ್ಲಿ ಅರ್ಧ ಸೊನ್ನೆಯಾಗಿ ಬಂದರೆ ಹರವು ಕೃತಕವಾಗಿ ಕುಗ್ಗಿ ಎಲ್‌ಒಡಿ ಸುಂದರವಾಗಿ ಕಾಣುತ್ತದೆ, ಅಷ್ಟೇ.

ಹಂತ 3: ಎಲ್‌ಒಡಿ, ಎಲ್‌ಒಕ್ಯು ಲೆಕ್ಕ ಹಾಕಿ

ಪ್ರತಿ ಫಲಿತಾಂಶವೂ ಒಂದು ಸ್ಯಾಂಪಲ್ ಓದಿನಿಂದ ಎರಡು ಬ್ಲ್ಯಾಂಕ್‌ಗಳ ಸರಾಸರಿ ಕಳೆದು ಬಂದದ್ದು. ಕಳೆಯುವಾಗ ಬ್ಲ್ಯಾಂಕಿನ ಗದ್ದಲವೂ ಸೇರಿಕೊಳ್ಳುತ್ತದೆ. ಆದ್ದರಿಂದ ಯೂರಾಕೆಮ್ ಮಾರ್ಗದರ್ಶಿಯ ರೀತಿಯಲ್ಲಿ ಮಾನಕ ವಿಚಲನೆಯನ್ನು ಮೊದಲು ತಿದ್ದಬೇಕು. B1ರಲ್ಲಿ 0.048 ಇದ್ದರೆ ಎಕ್ಸೆಲ್‌ನಲ್ಲಿ ಹೀಗೆ:

```
B2: =B1*SQRT(1/1+1/2)
B3: =3*B2
B4: =10*B2
```

B2ರಲ್ಲಿ ತಿದ್ದಿದ ಮಾನಕ ವಿಚಲನೆ 0.059, B3ರಲ್ಲಿ ಎಲ್‌ಒಡಿ 0.18, B4ರಲ್ಲಿ ಎಲ್‌ಒಕ್ಯು, ಅಂದರೆ ಎಷ್ಟಿದೆ ಎಂದು ನಂಬಿ ಹೇಳಬಹುದಾದ ಕನಿಷ್ಠ ಮಟ್ಟ, 0.59 ಬರುತ್ತದೆ. B2ರ ಸೂತ್ರದಲ್ಲಿರುವ ಮೊದಲ 1 ಸ್ಯಾಂಪಲ್ಲನ್ನು ಎಷ್ಟು ಬಾರಿ ತಯಾರಿಸುತ್ತೀರಿ ಎಂಬುದು, ನಂತರದ 2 ಬ್ಯಾಚಿನ ಬ್ಲ್ಯಾಂಕ್‌ಗಳ ಸಂಖ್ಯೆ. ಹಂತ 1ರಲ್ಲಿ ಬರೆದಿಟ್ಟದ್ದು ಇದಕ್ಕೇ. ನಿಮ್ಮ ಹತ್ತು ಓದುಗಳನ್ನು ಆಗಲೇ ಬ್ಯಾಚ್ ಬ್ಲ್ಯಾಂಕ್ ಕಳೆದು ದಾಖಲಿಸಿದ್ದರೆ ಈ ತಿದ್ದುಪಡಿ ಬೇಡ; ಗದ್ದಲ ಆಗಲೇ ಒಳಗೆ ಬಂದಿದೆ, ಎರಡು ಸಲ ಎಣಿಸಿದಂತಾಗುತ್ತದೆ.

ಎಲ್‌ಒಡಿ 0.177 ಎಂದು ಮೂರು ಅಂಕಿ ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ಹತ್ತು ಓದುಗಳಿಂದ ತೆಗೆದ ಮಾನಕ ವಿಚಲನೆಯೇ ಶೇ. 95ರ ವಿಶ್ವಾಸದಲ್ಲಿ 0.69 ಪಟ್ಟಿನಿಂದ 1.83 ಪಟ್ಟಿನವರೆಗೆ ಎಲ್ಲಾದರೂ ಇರಬಹುದು. ಅಂದರೆ ನಮ್ಮ ಎಲ್‌ಒಡಿ 0.12 ಆಗಿದ್ದೀತು, 0.32 ಕೂಡ ಆಗಿದ್ದೀತು. 0.2 ಎಂದು ಬರೆಯಿರಿ, ಎಲ್‌ಒಕ್ಯು 0.6 ಎನ್ನಿ. ಎರಡು ಲ್ಯಾಬ್‌ಗಳ ಎಲ್‌ಒಡಿ 0.15 ಮತ್ತು 0.2 ಎಂದಿದ್ದರೆ ಮೊದಲನೆಯದು ಉತ್ತಮ ಎನ್ನಲು ಆಧಾರವಿಲ್ಲ.

ಅಮೆರಿಕದ ಇಪಿಎ ವಿಧಾನದಲ್ಲಿ ಏಳು ಸ್ಪೈಕ್ ಸ್ಯಾಂಪಲ್‌ಗಳ ಮಾನಕ ವಿಚಲನೆಯನ್ನು 3.143ರಿಂದ ಗುಣಿಸುತ್ತಾರೆ, ಅದು ಶೇ. 99ರ ಒಂದು ಬದಿಯ ಟಿ ಮೌಲ್ಯ. ಗ್ರಾಹಕ ಅಥವಾ ನಿಯಂತ್ರಕರು ಅದನ್ನೇ ಕೇಳಿದರೆ ಅದನ್ನೇ ಮಾಡಿ. ಆದರೆ ಕ್ಯಾಲಿಬ್ರೇಶನ್ ರೇಖೆಯ ಶೇಷ ವಿಚಲನೆಯನ್ನು ಇಳಿಜಾರಿನಿಂದ ಭಾಗಿಸಿ 3.3ರಿಂದ ಗುಣಿಸುವ ಔಷಧ ಕ್ಷೇತ್ರದ ಸೂತ್ರವನ್ನು 50ರವರೆಗೆ ಹೋಗುವ ರೇಖೆಗೆ ಹಾಕಬೇಡಿ. 50ರ ಬಿಂದು ಚೂರು ಆಚೀಚೆಯಾದರೂ ಶೇಷ ವಿಚಲನೆಯನ್ನು ಅದೇ ಆಳುತ್ತದೆ, ಎಲ್‌ಒಡಿ ಉಬ್ಬುತ್ತದೆ. ಆ ಸೂತ್ರವೇ ಬೇಕೆಂದರೆ 0ಯಿಂದ 2ರವರೆಗಿನ ಪ್ರತ್ಯೇಕ ರೇಖೆ ಹಾಕಿ.

ಹಂತ 4: ಆ ಎಲ್‌ಒಡಿ ಕೆಲಸ ಮಾಡುತ್ತದೆಯೇ ನೋಡಿ

ಎಲ್‌ಒಡಿಯನ್ನೇ ಗೆರೆಯಾಗಿ ಎಳೆದು "ಇದಕ್ಕಿಂತ ಕಡಿಮೆ ಬಂದರೆ ಇಲ್ಲ" ಎನ್ನುವುದು ಬಹಳ ಕಡೆ ರೂಢಿ. ಯೋಚಿಸಿ ನೋಡಿ: ನಿಜವಾಗಿ 0.2 ಇರುವ ನೀರನ್ನು ನೂರು ಸಲ ಅಳೆದರೆ ಸುಮಾರು ಐವತ್ತು ಸಲ ಫಲಿತಾಂಶ 0.2ಕ್ಕಿಂತ ಕೆಳಗೆ ಬರುತ್ತದೆ. ಅಂದರೆ ನಾಣ್ಯ ಚಿಮ್ಮಿದಷ್ಟೇ ಖಾತರಿ. ಲಾಯ್ಡ್ ಕರಿ ಎಂಬ ರಸಾಯನ ವಿಜ್ಞಾನಿ 1968ರಲ್ಲೇ ಈ ಗೊಂದಲ ಬಿಡಿಸಿ ಎರಡು ಬೇರೆ ಗೆರೆಗಳನ್ನು ಕೊಟ್ಟರು. ಕೆಳಗಿನದು ನಿರ್ಧಾರದ ಗೆರೆ. ಓದು ಅದನ್ನು ದಾಟಿದರೆ "ಇದೆ" ಎನ್ನುತ್ತೇವೆ. ಮೇಲಿನದು ಎಲ್‌ಒಡಿ, ನಿಜವಾದ ಸಾಂದ್ರತೆ ಅಷ್ಟಿದ್ದರೆ ಹೆಚ್ಚುಕಡಿಮೆ ಯಾವಾಗಲೂ ನಿರ್ಧಾರದ ಗೆರೆಯನ್ನು ದಾಟುತ್ತದೆ.

ಹತ್ತು ಓದುಗಳಿಂದ ಸಿಗುವ ಒಂಬತ್ತು ಸ್ವಾತಂತ್ರ್ಯದ ಡಿಗ್ರಿಗಳಿಗೆ ಶೇ. 95ರ ಒಂದು ಬದಿಯ ಟಿ ಮೌಲ್ಯ 1.833. ಅದನ್ನು 0.059ರಿಂದ ಗುಣಿಸಿದರೆ ನಿರ್ಧಾರದ ಗೆರೆ 0.11. ಈಗ ಹಂತ 2ರ ಸ್ಪೈಕ್ ಓದುಗಳಿಗೆ ಹಿಂತಿರುಗಿ, ಪ್ರತಿಯೊಂದರಿಂದ 0.06 ಕಳೆಯಿರಿ. ಅತಿ ಚಿಕ್ಕದು 0.13. ಹತ್ತಕ್ಕೆ ಹತ್ತೂ ಗೆರೆಯ ಮೇಲಿವೆ, ಹಾಗಾಗಿ 0.2 ಎಂಬ ಎಲ್‌ಒಡಿ ನಿಲ್ಲುತ್ತದೆ. ಹತ್ತರಲ್ಲಿ ಎರಡೋ ಮೂರೋ ಕೆಳಗೆ ಬಿದ್ದಿದ್ದರೆ ಎಲ್‌ಒಡಿಯನ್ನು ಏರಿಸಿ ಮತ್ತೆ ಸ್ಪೈಕ್ ಮಾಡಬೇಕಿತ್ತು. ಇದೇ ರೀತಿ 0.6ರಲ್ಲೂ ಸ್ಪೈಕ್ ಮಾಡಿ ರಿಕವರಿ, ಅಂದರೆ ಹಾಕಿದ್ದರಲ್ಲಿ ಮರಳಿ ಸಿಕ್ಕ ಪಾಲು, ಮತ್ತು ಹರವು ನಿಮ್ಮ ಅಂಗೀಕಾರದ ಮಿತಿಯೊಳಗೆ ಇವೆಯೇ ನೋಡಿ.

ಹಂತ 5: ಮೇಲಿನ ಮಟ್ಟದ ಅನಿಶ್ಚಿತತೆ: ದಿನದಿಂದ ದಿನಕ್ಕೆ ಎಷ್ಟು, ನೀರಿನಿಂದ ನೀರಿಗೆ ಎಷ್ಟು

ಅನಿಶ್ಚಿತತೆ ಎಂದಕೂಡಲೇ ಫ್ಲಾಸ್ಕ್, ಪಿಪೆಟ್, ತಕ್ಕಡಿಗಳ ಪ್ರಮಾಣಪತ್ರ ಹರಡಿಕೊಂಡು ಕೂರುವವರಿದ್ದಾರೆ. 50 ಮಿಲಿಲೀಟರಿನ ಎ ದರ್ಜೆ ಫ್ಲಾಸ್ಕಿನ ಸಹನೆ ±0.06. ಅದನ್ನು 3ರ ವರ್ಗಮೂಲದಿಂದ ಭಾಗಿಸಿದರೆ 0.035, ಅಂದರೆ ಶೇ. 0.07. ನಮ್ಮ ಕೊನೆಯ ಅಂಕಿ ಶೇ. 6ರ ಸುತ್ತ ಬರಲಿದೆ. ವರ್ಗ ಮಾಡಿ ಕೂಡಿಸುವಾಗ 6.1ರ ಪಕ್ಕ 0.07 ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟ್ರೇಸ್ ಮಟ್ಟದಲ್ಲಿ ಅನಿಶ್ಚಿತತೆಯ ದೊಡ್ಡ ಪಾಲು ಬರುವುದು ರಿಕವರಿಯಿಂದ. ಆದ್ದರಿಂದ ನಾರ್ಡ್‌ಟೆಸ್ಟ್ ಮಾರ್ಗ ಹಿಡಿಯೋಣ: ಲ್ಯಾಬ್‌ನ ಒಳಗಿನ ಪುನರುತ್ಪಾದನೆ ಒಂದು, ಪಕ್ಷಪಾತ ಇನ್ನೊಂದು.

ಮೊದಲನೆಯದಕ್ಕೆ, ಬೋರ್‌ವೆಲ್ ನೀರಿಗೇ 10 ಸ್ಪೈಕ್ ಮಾಡಿದ ಕಂಟ್ರೋಲ್ ಸ್ಯಾಂಪಲ್ ಬೇಕು. ಇಪ್ಪತ್ತಕ್ಕೂ ಹೆಚ್ಚು ಬ್ಯಾಚುಗಳಲ್ಲಿ, ಬೇರೆ ಬೇರೆ ವಿಶ್ಲೇಷಕರು, ಬೇರೆ ಬೇರೆ ಕ್ಯಾಲಿಬ್ರೇಶನ್‌ಗಳಲ್ಲಿ ಅದನ್ನು ಎಲ್ಲ ಹಂತಗಳ ಮೂಲಕ ಒಯ್ದಿರಬೇಕು. ಅದರ ಮಾನಕ ವಿಚಲನೆ 0.32 ಬಂತು ಎನ್ನೋಣ: ಶೇ. 3.2. ಶುದ್ಧ ನೀರಿನ ಕ್ಯೂಸಿ ದ್ರಾವಣ ಬಳಸಿದರೆ ಈ ಸಂಖ್ಯೆ ಸುಳ್ಳಾಗಿ ಸಣ್ಣದಾಗುತ್ತದೆ.

ಎರಡನೆಯದಕ್ಕೆ, ಬೇರೆ ಬೇರೆ ಗುಣದ ಆರು ಬೋರ್‌ವೆಲ್‌ಗಳ ನೀರು ಆರಿಸಿ. ಗಡಸು ನೀರು, ಕ್ಲೋರೈಡ್ ಹೆಚ್ಚಿರುವುದು, ಕಬ್ಬಿಣದ ಬಣ್ಣ ಇರುವುದು ಎಲ್ಲವೂ ಸೇರಿರಲಿ. ಪ್ರತಿಯೊಂದಕ್ಕೂ 5 ಸ್ಪೈಕ್ ಮಾಡಿ, ಮೊದಲೇ ಇದ್ದದ್ದನ್ನು ಕಳೆದು ರಿಕವರಿ ಲೆಕ್ಕ ಹಾಕಿ. ಶೇ. 96, 103, 92, 98, 94, 105 ಬಂದವು ಎಂದುಕೊಳ್ಳಿ. ಸರಾಸರಿ 98, ನೋಡಲು ಚೆನ್ನಾಗಿದೆ, ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಾಳೆ ಬರುವ ನೀರು ಸರಾಸರಿ ನೀರಲ್ಲ, ಅದು 92ರದೋ 105ರದೋ ಇರಬಹುದು. ಹಾಗಾಗಿ ನೂರರಿಂದ ಇರುವ ಅಂತರಗಳನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಾಕಬೇಕು: 16, 9, 64, 4, 36, 25 ಕೂಡಿದರೆ 154, ಆರರಿಂದ ಭಾಗಿಸಿದರೆ 25.7, ವರ್ಗಮೂಲ 5.1. ಸ್ಪೈಕ್ ದ್ರಾವಣ ಮತ್ತು ಪಿಪೆಟ್‌ನದು ಸುಮಾರು ಶೇ. 1 ಎಂದು ಸೇರಿಸಿದರೆ ಪಕ್ಷಪಾತದ ಅಂಶ ಶೇ. 5.2.

3.2 ಮತ್ತು 5.2ನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಶೇ. 6.1.

ಸಿಆರ್‌ಎಂ, ಅಂದರೆ ಪ್ರಮಾಣಿತ ಮೌಲ್ಯದ ಉಲ್ಲೇಖ ಸ್ಯಾಂಪಲ್, ಎಲ್ಲಿ ಬಂತು ಎಂದು ಕೇಳಬಹುದು. ಅದನ್ನು ನಾನು ಅಡ್ಡಪರೀಕ್ಷೆಗೆ ಇಟ್ಟುಕೊಳ್ಳುತ್ತೇನೆ. ಪ್ರಮಾಣಿತ ಮೌಲ್ಯ 20.0 ±0.4 ಇರುವ ಸಿಆರ್‌ಎಂ 19.3 ಓದಿದರೆ ಅಂತರ 0.7. ನಮ್ಮ ಶೇ. 6.1ರಂತೆ 19.3ಕ್ಕೆ 1.2, ಸಿಆರ್‌ಎಂನದು 0.2, ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದು ಎರಡು ಪಟ್ಟು ಮಾಡಿದರೆ 2.4. ಅಂತರ ಅದರೊಳಗಿದೆ, ಲೆಕ್ಕ ಒಪ್ಪುತ್ತದೆ. ಆದರೆ ನೀರಿನ ಸಿಆರ್‌ಎಂಗಳು ಸಾಮಾನ್ಯವಾಗಿ ಸ್ವಚ್ಛ ಆಮ್ಲೀಯ ನೀರು. ಅದರಲ್ಲಿ ಪಾಸಾದ ಮಾತ್ರಕ್ಕೆ ಸಿಂಧನೂರಿನ ಉಪ್ಪು ನೀರಿನಲ್ಲೂ ಪಾಸು ಎನ್ನಲಾಗದು.

ಆರೂ ರಿಕವರಿಗಳು ಒಂದೇ ಕಡೆ, ಉದಾಹರಣೆಗೆ 90, 91, 89 ಹೀಗೆ ಬಂದರೆ ಅದನ್ನು ಅನಿಶ್ಚಿತತೆಗೆ ತುಂಬಿ ಮುಚ್ಚಬೇಡಿ. ಸ್ಟ್ಯಾಂಡರ್ಡ್ ಹಳೆಯದೋ, ಇಂಟರ್ನಲ್ ಸ್ಟ್ಯಾಂಡರ್ಡ್ ಸೇರುವ ಟ್ಯೂಬಿನಲ್ಲಿ ತೊಡಕೋ, ಏನೋ ಒಂದು ಕಾರಣ ಇದ್ದೇ ಇರುತ್ತದೆ. ಮೊದಲು ಅದನ್ನು ಹುಡುಕಿ.

ಹಂತ 6: ಎರಡನ್ನೂ ಒಂದು ಸಮೀಕರಣಕ್ಕೆ ಸೇರಿಸಿ

ಈಗ ಕೈಯಲ್ಲಿ ಎರಡು ಸಂಖ್ಯೆಗಳಿವೆ. ಒಂದು 0.059, ಸಾಂದ್ರತೆ ಎಷ್ಟೇ ಇರಲಿ ಬದಲಾಗದ ನೆಲಮಟ್ಟದ ಗದ್ದಲ. ಇನ್ನೊಂದು 0.061, ಸಾಂದ್ರತೆಯ ಜತೆ ಬೆಳೆಯುವ ಪಾಲು. c ಸಾಂದ್ರತೆಯಲ್ಲಿ ಮಾನಕ ಅನಿಶ್ಚಿತತೆ u, ವಿಸ್ತೃತ ಅನಿಶ್ಚಿತತೆ U:

```
u(c) = sqrt(0.059^2 + (0.061*c)^2)
U(c) = 2*u(c)
```

ಕೆಲವು ಬಿಂದುಗಳನ್ನು ಹಾಕಿ ನೋಡಿ. 10ರಲ್ಲಿ u 0.61, U 1.2, ಅಂದರೆ ಶೇ. 12. ನೆಲಮಟ್ಟದ ಗದ್ದಲ ಅಲ್ಲಿ ಲೆಕ್ಕಕ್ಕೇ ಇಲ್ಲ. 1ರಲ್ಲಿ ಎರಡೂ ಪಾಲು ಸರಿಸಮ, U ಶೇ. 17. ಎಲ್‌ಒಕ್ಯು ಆದ 0.6ರಲ್ಲಿ ಶೇ. 23. ಎಲ್‌ಒಡಿ ಆದ 0.2ರಲ್ಲಿ u 0.06, U ಶೇ. 60.

ಈ ಕೊನೆಯ ಸಂಖ್ಯೆ ನಿಮ್ಮ ವರದಿಯ ಒಳಪರೀಕ್ಷೆ. ಎಲ್‌ಒಡಿಯ ಬಳಿ ವಿಸ್ತೃತ ಅನಿಶ್ಚಿತತೆ ಶೇ. 60–70ರ ಹತ್ತಿರ ಬರದಿದ್ದರೆ ಎರಡರಲ್ಲಿ ಒಂದು ತಪ್ಪಾಗಿದೆ: ಎಲ್‌ಒಡಿಯನ್ನು ಒಂದು ದತ್ತಾಂಶದಿಂದಲೂ ಅನಿಶ್ಚಿತತೆಯನ್ನು ಇನ್ನೊಂದರಿಂದಲೂ ತೆಗೆದಿದ್ದೀರಿ, ಅಥವಾ 10ರಲ್ಲಿ ಸಿಕ್ಕ ಶೇಕಡಾವಾರನ್ನು ಕೆಳಗಿನವರೆಗೂ ಎಳೆದಿದ್ದೀರಿ. ಆರಂಭದಲ್ಲಿ ಹೇಳಿದ ಶೇ. 5ರ ವರದಿ ಹುಟ್ಟುವುದು ಸಾಮಾನ್ಯವಾಗಿ ಹೀಗೆಯೇ.

ಹಂತ 7: ವರದಿಯಲ್ಲಿ ಏನು ಬರೆಯುವುದು

ಒಂದು ಬೋರ್‌ವೆಲ್ ನೀರು 9.4 ಓದಿದೆ. U 1.2. ವರದಿಯಲ್ಲಿ 9.4 ±1.2, ವ್ಯಾಪ್ತಿ ಗುಣಾಂಕ 2 ಎಂದು ಬರೆಯುತ್ತೀರಿ. ಮಿತಿ 10. ಪಾಸೋ ಫೇಲೋ? ಸರಳ ನಿಯಮದಲ್ಲಿ ಪಾಸು. ಆದರೆ ಮಿತಿಗಿರುವ ಅಂತರ 0.6, u 0.58, ಅಂದರೆ ಒಂದು ಮಾನಕ ವಿಚಲನೆಯಷ್ಟೇ. ನಿಜವಾದ ಮೌಲ್ಯ 10ನ್ನು ದಾಟಿರುವ ಸಾಧ್ಯತೆ ಸುಮಾರು ಶೇ. 15. ಕಾವಲು ಪಟ್ಟಿ ಇಟ್ಟುಕೊಂಡು 10ರಿಂದ U ಕಳೆದು 8.8ರ ಕೆಳಗಿದ್ದರೆ ಮಾತ್ರ ಪಾಸು ಎನ್ನುವ ನಿಯಮದಲ್ಲಿ ಇದು ಪಾಸಾಗುವುದಿಲ್ಲ. ಎರಡರಲ್ಲಿ ಯಾವುದು ಎಂಬುದನ್ನು ಫಲಿತಾಂಶ ನೋಡಿದ ಮೇಲೆ ಆರಿಸುವಂತಿಲ್ಲ. ಐಎಸ್‌ಒ/ಐಇಸಿ 17025:2017 ಕೇಳುವ ನಿರ್ಧಾರ ನಿಯಮ ಇದೇ. ಸ್ಯಾಂಪಲ್ ಒಳಬರುವ ಮೊದಲೇ ಗ್ರಾಹಕರೊಡನೆ ಒಪ್ಪಿಕೊಂಡಿರಬೇಕು. ಕುಡಿಯುವ ನೀರಿಗೆ ನಾನು ಕಾವಲು ಪಟ್ಟಿಯ ಪರ.

ಇನ್ನೊಂದು ನೀರು 0.3 ಓದಿದೆ. ನಿರ್ಧಾರದ ಗೆರೆ 0.11 ದಾಟಿದೆ, ಹಾಗಾಗಿ ಆರ್ಸೆನಿಕ್ ಇದೆ. ಎಲ್‌ಒಕ್ಯುಗಿಂತ ಕೆಳಗಿದೆ, ಹಾಗಾಗಿ ಎಷ್ಟು ಎಂದು ಗಟ್ಟಿಯಾಗಿ ಹೇಳಲಾಗದು. "ಪತ್ತೆಯಾಗಿದೆ, 0.6ಕ್ಕಿಂತ ಕಡಿಮೆ" ಎಂದು ಬರೆಯಿರಿ, "ಇಲ್ಲ" ಎಂದಾಗಲಿ 0 ಎಂದಾಗಲಿ ಬೇಡ. ಲ್ಯಾಬ್‌ನ ಕಡತದಲ್ಲಿ ಮಾತ್ರ 0.3 ಹಾಗೇ ಉಳಿಯಲಿ. ಮುಂದೆ ಯಾರಾದರೂ ವರ್ಷದ ಸರಾಸರಿ ತೆಗೆಯಲು ಬಂದರೆ ಅವರಿಗೆ ಆ ಕಚ್ಚಾ ಸಂಖ್ಯೆಯೇ ಬೇಕಾಗುತ್ತದೆ, ಋಣವಾಗಿದ್ದರೂ ಸರಿ.

ಈ ಅನಿಶ್ಚಿತತೆ ಬಾಟಲಿ ಲ್ಯಾಬ್‌ಗೆ ಬಂದ ಮೇಲಿನದು ಮಾತ್ರ. ಪಂಪ್ ಎಷ್ಟು ಹೊತ್ತು ಓಡಿಸಿ ನೀರು ಹಿಡಿದರು, ಆಮ್ಲ ಸ್ಥಳದಲ್ಲೇ ಹಾಕಿದರೋ ಇಲ್ಲವೋ ಎಂಬುದು ಇದರಲ್ಲಿಲ್ಲ. ಕಬ್ಬಿಣ ಹೆಚ್ಚಿರುವ ನೀರಿಗೆ ಆಮ್ಲ ಹಾಕದೆ ತಂದರೆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುವಾಗ ಆರ್ಸೆನಿಕ್ಕನ್ನೂ ಹಿಡಿದುಕೊಂಡು ಹೋಗುತ್ತದೆ, ಆಮೇಲೆ ನೀವು ಅಳೆಯುವುದು ಉಳಿದದ್ದನ್ನು.

ಮತ್ತೆ ಯಾವಾಗ ಲೆಕ್ಕ ಹಾಕಬೇಕು

ಪ್ರತಿ ಬ್ಯಾಚಿನ ಎರಡು ಬ್ಲ್ಯಾಂಕುಗಳನ್ನು ಒಂದು ಚಾರ್ಟಿಗೆ ಹಾಕುತ್ತಾ ಹೋಗಿ, 10ರ ಕಂಟ್ರೋಲನ್ನು ಇನ್ನೊಂದಕ್ಕೆ. ಮೊದಲ ಚಾರ್ಟ್ 0.059ರ ಮೇಲೆ ಕಣ್ಣಿಡುತ್ತದೆ, ಎರಡನೆಯದು 0.061ರ ಮೇಲೆ. ಬ್ಲ್ಯಾಂಕ್ ಸರಾಸರಿ ಒಮ್ಮೆಲೇ 0.06ರಿಂದ 0.15ಕ್ಕೆ ಜಿಗಿದು ಅಲ್ಲೇ ನಿಂತರೆ ನೈಟ್ರಿಕ್ ಆಮ್ಲದ ಲಾಟ್ ಬದಲಾಗಿದೆಯೇ ನೋಡಿ. ಸರಾಸರಿ ಅಲ್ಲೇ ಇದ್ದು ಹರವು ಮಾತ್ರ ನಿಧಾನವಾಗಿ ಅಗಲವಾಗುತ್ತಿದ್ದರೆ ಕೋನ್‌ಗಳು ಕೊಳೆಯಾಗಿವೆ, ಇಲ್ಲವೇ ಪಂಪಿನ ಟ್ಯೂಬ್ ಸವೆದಿದೆ. ಮೊದಲ ಚಾರ್ಟ್ ಕೆಟ್ಟರೆ ಹಂತ 2ರಿಂದ 4, ಎರಡನೆಯದು ಕೆಟ್ಟರೆ ಹಂತ 5. ಎರಡೂ ನೆಟ್ಟಗಿದ್ದರೆ ವರ್ಷಕ್ಕೊಮ್ಮೆ ಸಂಗ್ರಹವಾದ ಅಂಕಿಗಳಿಂದಲೇ ಸಮೀಕರಣ ಹೊಸದು ಮಾಡಿದರೆ ಸಾಕು, ಪ್ರತ್ಯೇಕ ಪ್ರಯೋಗ ಬೇಕಿಲ್ಲ.